ಹಸಿರು ಟಿಕ್ ಇದ್ದದ್ದು ಮೋಸ, ಹೆಸರೇ ಗೊತ್ತಿಲ್ಲದ್ದು ಅಸಲಿ: ಕಲೆಕ್ಟ್ ರಿಕ್ವೆಸ್ಟ್ ನೋಡುವುದು ಹೇಗೆ?

ಪ್ರಶ್ನೆ: ನಿನ್ನೆ ಸಂಜೆ ಹುಬ್ಬಳ್ಳಿಗೆ ಬಸ್ ಟಿಕೆಟ್ ಬುಕ್ ಮಾಡೋವಾಗ ಯುಪಿಐ ಐಡಿ ಹಾಕಿದೆ. ಆ್ಯಪ್ ತೆಗೆದರೆ ಎರಡು ರಿಕ್ವೆಸ್ಟ್ ಇದ್ದವು. ಒಂದು 1,260 ರೂಪಾಯಿದು, ಯಾವುದೋ ಟೆಕ್ನಾಲಜೀಸ್ ಅಂತ ಹೆಸರು, ಬಸ್‌ನವರ ಹೆಸರೇ ಅಲ್ಲ. ಇನ್ನೊಂದು 9,500 ರೂಪಾಯಿದು, ದೊಡ್ಡ ಶಾಪಿಂಗ್ ಕಂಪನಿ ಹೆಸರು, ಪಕ್ಕದಲ್ಲಿ ಹಸಿರು ಟಿಕ್. ನನ್ನ ಹಳೇ ಫ್ರಿಜ್ಜನ್ನು ಅಷ್ಟೇ ರೇಟಿಗೆ ಮಾರಾಟಕ್ಕೆ ಹಾಕಿದ್ದೆ. ತಗೊಳ್ಳೋವ್ರು ಫೋನಲ್ಲಿ "ಕಂಪನಿ ಕಡೆಯಿಂದ ದುಡ್ಡು ಹಾಕಿದ್ದೀನಿ, ಅಪ್ರೂವ್ ಮಾಡಿ ಪಿನ್ ಹಾಕಿ" ಅಂತಿದ್ದರು. ಭಯ ಆಗಿ ಎರಡನ್ನೂ ಬಿಟ್ಟೆ. ಟಿಕೆಟ್ಟೂ ಹೋಯ್ತು. ಯಾವುದು ಅಸಲಿ ಅಂತ ಕಂಡುಹಿಡಿಯೋದು ಹೇಗೆ? (ಬನಶಂಕರಿಯ ಓದುಗರೊಬ್ಬರು)

ಉತ್ತರ: ಟಿಕೆಟ್ಟಿನದು ಅಸಲಿ. ಫ್ರಿಜ್ಜಿನದು ಮೋಸ. ನಿಮಗೆ ಒಂದು ಟಿಕೆಟ್ ಹೋಗಿದೆ ಅಷ್ಟೇ, 9,500 ಉಳಿದಿದೆ. ಲೆಕ್ಕ ಹಾಕಿದರೆ ನಿಮ್ಮ ಭಯ ನಿಮಗೆ ಒಳ್ಳೆಯದನ್ನೇ ಮಾಡಿದೆ.

ಆದರೆ ನಿಮ್ಮ ಗೊಂದಲ ನ್ಯಾಯವಾದದ್ದು. ಯಾಕೆಂದರೆ ನೋಡೋಕೆ ಮೋಸದ್ದೇ ಅಸಲಿ ಥರ ಇತ್ತು. ಹೆಸರು ನೋಡಿ, ಟಿಕ್ ನೋಡಿ, ಐಡಿ ನೋಡಿ ಅಂತ ಎಲ್ಲರೂ ಹೇಳುತ್ತಾರೆ, ನೀವು ಅದನ್ನೇ ಮಾಡಿದ್ದರೆ ಬಸ್‌ನವರದ್ದು ತಿರಸ್ಕರಿಸಿ ಫ್ರಿಜ್ಜಿನದಕ್ಕೆ ಪಿನ್ ಹಾಕಿರುತ್ತಿದ್ದಿರಿ. ಬ್ಯಾಂಕಿನಲ್ಲಿ ಯುಪಿಐ ದೂರುಗಳನ್ನು ನೋಡುವ ಕೆಲಸ ನನ್ನದು, ಈಗ ನಮ್ಮ ಮುಂದೆ ಬರುವ ಕಲೆಕ್ಟ್ ರಿಕ್ವೆಸ್ಟ್, ಅಂದರೆ ದುಡ್ಡು ಕೊಡಿ ಅಂತ ಆ್ಯಪ್‌ಗೆ ಬರುವ ಕೋರಿಕೆಯ ದೂರುಗಳಲ್ಲಿ ಜನರನ್ನು ಜಾಸ್ತಿ ತಬ್ಬಿಬ್ಬು ಮಾಡುವುದು ಇದೇ ಜಾತಿಯದು.

ಮೊದಲು ಒಂದು ಹಿನ್ನೆಲೆ. ಹಿಂದೆ ಯಾರು ಬೇಕಾದರೂ ಯಾರಿಗೆ ಬೇಕಾದರೂ ಕಲೆಕ್ಟ್ ರಿಕ್ವೆಸ್ಟ್ ಕಳಿಸಬಹುದಿತ್ತು. ಒಂದು ಸಲಕ್ಕೆ 2,000 ರೂಪಾಯಿ ಮಿತಿ ಇತ್ತು, ಆದರೂ ಮೋಸ ನಿಲ್ಲಲಿಲ್ಲ. ಯುಪಿಐ ನಡೆಸುವ ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಕಲೆಕ್ಟ್ ಅನ್ನು ಪೂರ್ತಿ ಮುಚ್ಚಿತು. ಉಳಿದಿದ್ದು ಮರ್ಚಂಟ್ ಕಲೆಕ್ಟ್, ಅಂದರೆ ವ್ಯಾಪಾರಿ ಅಂತ ನೋಂದಾಯಿಸಿಕೊಂಡವರು ಗಿರಾಕಿಗೆ ಕಳಿಸುವ ರಿಕ್ವೆಸ್ಟ್. ಅದರಲ್ಲೂ ಎಷ್ಟೋ ಸೈಟ್‌ಗಳು ಐಡಿ ಬರೆಯುವ ಬಾಕ್ಸ್ ತೆಗೆದು ಕ್ಯೂಆರ್ ಕೊಡುತ್ತಿವೆ ಅಥವಾ ನೇರವಾಗಿ ಪೇಮೆಂಟ್ ಆ್ಯಪ್‌ಗೇ ಕರೆದೊಯ್ಯುತ್ತಿವೆ. ಹಾಗಾಗಿ ಕಲೆಕ್ಟ್ ರಿಕ್ವೆಸ್ಟ್ ಬರುವುದೇ ಮೊದಲಿಗಿಂತ ಕಡಿಮೆ. ಬಂದರೆ ಅದೇ ಒಂದು ಪ್ರಶ್ನೆ: ಇದನ್ನು ಕರೆಸಿದ್ದು ಯಾರು?

ಆ ಪ್ರಶ್ನೆಗೆ ಉತ್ತರ ಬೇಕಾದರೆ ನಿಮ್ಮ ಟಿಕೆಟ್ಟಿನ ರಿಕ್ವೆಸ್ಟ್ ಹೇಗೆ ಹುಟ್ಟಿತು ಅಂತ ನೋಡಬೇಕು. ನೀವು ಸೀಟು ಆರಿಸಿದಿರಿ, ಒಟ್ಟು ಮೊತ್ತ 1,260 ಅಂತ ಬಂತು. ಯುಪಿಐ ಐಡಿ ಹಾಕಿದಿರಿ. ಸೈಟ್ ಆ ಐಡಿಯನ್ನು ಪರಿಶೀಲಿಸಿತು, ಸಾಮಾನ್ಯವಾಗಿ ಅಲ್ಲೇ ನಿಮ್ಮ ಹೆಸರೂ ಕಾಣುತ್ತದೆ. ಆಮೇಲೆ ಸೈಟ್ ತನ್ನ ಪೇಮೆಂಟ್ ಗೇಟ್‌ವೇಗೆ, ಅಂದರೆ ತನ್ನ ಪರವಾಗಿ ಪಾವತಿ ನೋಡಿಕೊಳ್ಳುವ ಕಂಪನಿಗೆ ಹೇಳಿತು, ಗೇಟ್‌ವೇ ತನ್ನ ಬ್ಯಾಂಕಿಗೆ ಹೇಳಿತು, ಬ್ಯಾಂಕು ಎನ್‌ಪಿಸಿಐ ಮೂಲಕ ನಿಮ್ಮ ಆ್ಯಪ್‌ಗೆ ತಲುಪಿಸಿತು. ಇಷ್ಟೆಲ್ಲ ಆಗೋದು ಕೆಲವೇ ಸೆಕೆಂಡಿನಲ್ಲಿ. ಅಷ್ಟೊತ್ತಿಗೆ ಬುಕಿಂಗ್ ಪುಟದಲ್ಲಿ "ನಿಮ್ಮ ಯುಪಿಐ ಆ್ಯಪ್ ತೆರೆದು ಪಾವತಿ ಮಾಡಿ, ಈ ಪುಟ ಮುಚ್ಚಬೇಡಿ" ಅಂತ ಬರೆದು, ಕೆಳಗೆ ನಿಮಿಷ ಸೆಕೆಂಡು ಇಳಿಯುತ್ತಿರುತ್ತದೆ.

ಹೆಸರು ಯಾಕೆ ಬೇರೆ ಬಂತು? ಬಸ್ಸಿನ ಮೇಲೆ ಬರೆದಿರುವುದು ಅವರು ವ್ಯಾಪಾರಕ್ಕೆ ಇಟ್ಟುಕೊಂಡ ಹೆಸರು. ಬ್ಯಾಂಕಿನಲ್ಲಿ ಖಾತೆ ಇರುವುದು ಕಂಪನಿಯ ನೋಂದಣಿ ಹೆಸರಲ್ಲಿ. ನಿಮ್ಮ ವಿಷಯದಲ್ಲಿ ದುಡ್ಡು ಕೇಳಿದ್ದು ಬಸ್‌ನವರಲ್ಲ, ಬುಕಿಂಗ್ ಸೈಟ್ ನಡೆಸುವ ಕಂಪನಿ. ಅದು "ಟೆಕ್ನಾಲಜೀಸ್" ಅಂತಲೋ "ಸೊಲ್ಯೂಷನ್ಸ್" ಅಂತಲೋ ಇರುತ್ತದೆ. 2025ರ ಜೂನ್ 30ರೊಳಗೆ ಎಲ್ಲ ಯುಪಿಐ ಆ್ಯಪ್‌ಗಳೂ ಹಣ ಹೋಗುವ ಮೊದಲೇ ಪಡೆಯುವವರ ಬ್ಯಾಂಕ್ ದಾಖಲೆಯ ಹೆಸರನ್ನೇ ತೋರಿಸಬೇಕು ಅಂತ ಎನ್‌ಪಿಸಿಐ ಹೇಳಿತು. ಒಳ್ಳೆಯ ನಿಯಮವೇ. ಆದರೆ ಅದರಿಂದಾಗಿಯೇ ಎಷ್ಟೋ ಸಲ ನಮಗೆ ಗೊತ್ತಿಲ್ಲದ ಹೆಸರು ತೆರೆಯ ಮೇಲೆ ಬಂದು ಕೂರುತ್ತದೆ. ಸಣ್ಣ ಅಂಗಡಿಗಳದ್ದು ಇನ್ನೂ ಮಜಾ, ಬೋರ್ಡಿನಲ್ಲಿ ಒಂದು ಹೆಸರು, ಆ್ಯಪ್‌ನಲ್ಲಿ ಮಾಲೀಕರ ಹೆಂಡತಿ ಹೆಸರು. ಹೆಸರು ಗುರುತು ಸಿಗಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಮೋಸ ಅಂತ ಹೇಳೋಕಾಗಲ್ಲ.

ಈಗ ಎರಡನೆಯದಕ್ಕೆ ಬರೋಣ. ಆ ದೊಡ್ಡ ಶಾಪಿಂಗ್ ಕಂಪನಿಯ ಹೆಸರು ಸುಳ್ಳಲ್ಲ. ಟಿಕ್ಕೂ ಸುಳ್ಳಲ್ಲ. ಆ ರಿಕ್ವೆಸ್ಟ್ ನಿಜವಾಗಿಯೂ ಆ ಕಂಪನಿಯಿಂದಲೇ ಬಂದಿರಬಹುದು! ನಿಮಗೆ ಫೋನ್ ಮಾಡಿದ ಪುಣ್ಯಾತ್ಮ ಬಹುಶಃ ಮಾಡಿದ್ದು ಇಷ್ಟೇ. ಆ ಕಂಪನಿಯ ಸೈಟಿಗೆ ಹೋಗಿ 9,500 ರೂಪಾಯಿಯ ಗಿಫ್ಟ್ ಕಾರ್ಡ್ ಆರಿಸಿದ. ಗಿಫ್ಟ್ ಕಾರ್ಡ್ ಆದರೆ ಮೊತ್ತ ತಾನೇ ಆರಿಸಬಹುದು, ಹಾಗಾಗಿ ಫ್ರಿಜ್ಜಿನ ರೇಟಿಗೆ ಸರಿಯಾಗಿ ಹೊಂದಿಸಿದ. ಪೇಮೆಂಟ್ ಪುಟದಲ್ಲಿ ತನ್ನ ಐಡಿ ಬದಲು ನಿಮ್ಮ ಯುಪಿಐ ಐಡಿ ಹಾಕಿದ. ಸೈಟ್ ಪಾಪ ಏನು ಮಾಡುತ್ತದೆ? ಗಿರಾಕಿ ಕೊಟ್ಟ ಐಡಿಗೆ ರಿಕ್ವೆಸ್ಟ್ ಕಳಿಸಿತು. ನೀವು ಪಿನ್ ಹಾಕಿದರೆ ನಿಮ್ಮ ದುಡ್ಡು ಕಂಪನಿಗೆ, ಗಿಫ್ಟ್ ಕಾರ್ಡಿನ ಕೋಡ್ ಅವನಿಗೆ. ಹೋಟೆಲಲ್ಲಿ ಯಾರೋ ಮಸಾಲೆ ದೋಸೆ ತಿಂದು, ಸಪ್ಲೈಯರ್‌ಗೆ ನಿಮ್ಮ ಟೇಬಲ್ ತೋರಿಸಿ "ಬಿಲ್ ಅವರಿಗೆ" ಅಂದು ಎದ್ದು ಹೋದ ಹಾಗೆ. ಸಪ್ಲೈಯರ್ ಅಸಲಿ, ಬಿಲ್ ಅಸಲಿ, ದೋಸೆ ಮಾತ್ರ ನಿಮ್ಮದಲ್ಲ.

ಇದಕ್ಕೇ ನಾನು ಹೇಳೋದು, ಕಳಿಸಿದವರು ಯಾರು ಅಂತ ನೋಡುವುದಕ್ಕಿಂತ ಮೊದಲು, ಆರ್ಡರ್ ನನ್ನದಾ ಅಂತ ನೋಡಬೇಕು. ಹಸಿರು ಟಿಕ್ ಹೇಳುವುದು ಒಂದೇ ಮಾತು: ಈ ವ್ಯಾಪಾರಿಯ ದಾಖಲೆಗಳನ್ನು ಪರಿಶೀಲಿಸಿ ಖಾತೆ ಕೊಡಲಾಗಿದೆ. ನೀವು ಅವನಿಗೆ ದುಡ್ಡು ಕೊಡಬೇಕಾ ಅನ್ನೋದು ಟಿಕ್‌ಗೆ ಗೊತ್ತಿರಲ್ಲ.

ಹಾಗಾದರೆ ಆರ್ಡರ್ ನನ್ನದೇ ಅಂತ ಗಟ್ಟಿ ಮಾಡಿಕೊಳ್ಳುವುದು ಹೇಗೆ? ಎರಡು ತೆರೆಗಳನ್ನು ಒಟ್ಟಿಗೆ ನೋಡಿ. ಒಂದು, ನೀವೇ ತೆಗೆದ, ಇನ್ನೂ ಸಮಯ ಇಳಿಯುತ್ತಿರುವ ಆರ್ಡರ್ ಪುಟ. ಇನ್ನೊಂದು, ಆ್ಯಪ್‌ನಲ್ಲಿ ಬಂದ ರಿಕ್ವೆಸ್ಟ್. ಮೊತ್ತ ಕೊನೆಯ ರೂಪಾಯಿ, ಪೈಸೆಯವರೆಗೂ ಒಂದೇ ಇರಬೇಕು. ಕನ್ವೀನಿಯೆನ್ಸ್ ಫೀ ಅಂತ ಸೇರಿಸಿ 1,283.60 ಅಂತ ಸೈಟಿನಲ್ಲಿ ಇದ್ದರೆ ರಿಕ್ವೆಸ್ಟಿನಲ್ಲೂ 1,283.60 ಅಂತಲೇ ಇರಬೇಕು, 1,284 ಅಲ್ಲ. ಬಂದ ಸಮಯ ನೀವು ಬಟನ್ ಒತ್ತಿದ ಸಮಯಕ್ಕೆ ಹೊಂದಬೇಕು, ಒತ್ತಿದ ಅರ್ಧ ನಿಮಿಷದೊಳಗೆ ಅಂತ ಇಟ್ಟುಕೊಳ್ಳಿ, ನೆಟ್‌ವರ್ಕ್ ಕೈಕೊಟ್ಟರೆ ಸ್ವಲ್ಪ ತಡ. ಕೆಳಗೆ ಆರ್ಡರ್ ನಂಬರ್ ಇದ್ದರೆ ಅದನ್ನು ಸೈಟಿನ ಆರ್ಡರ್ ನಂಬರಿಗೆ ಹೋಲಿಸಿ. ಎಲ್ಲ ಕಡೆ ಅದು ಇರಲ್ಲ, ಇದ್ದರೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಇಲ್ಲ. ಇಷ್ಟು ಹೊಂದಿದರೆ ಹೆಸರು ಅಪರಿಚಿತ ಅನ್ನಿಸಿದರೂ ಅಪ್ರೂವ್ ಮಾಡಬಹುದು, ಆದರೆ ಆ ಸೈಟ್‌ಗೆ ನೀವೇ ಹೋಗಿರಬೇಕು, ಯಾರೋ ವಾಟ್ಸಾಪ್‌ನಲ್ಲಿ ಕಳಿಸಿದ ಲಿಂಕ್ ಒತ್ತಿ ಹೋಗಿರಬಾರದು. ಸೈಟೇ ನಕಲಿ ಆದರೆ ಎರಡು ತೆರೆಯೂ ಅವನದ್ದೇ, ಹೊಂದಿಸಿ ನೋಡಿ ಏನು ಪ್ರಯೋಜನ?

ನಿಮ್ಮ ಫ್ರಿಜ್ಜಿನ ರಿಕ್ವೆಸ್ಟನ್ನು ಇದೇ ರೀತಿ ಇಟ್ಟು ನೋಡಿ. ಹೋಲಿಸೋಕೆ ನಿಮ್ಮ ಹತ್ತಿರ ಎರಡನೇ ತೆರೆಯೇ ಇಲ್ಲ. ನೀವು ಯಾವ ಅಂಗಡಿಗೂ ಹೋಗಿಲ್ಲ, ಏನನ್ನೂ ಕಾರ್ಟಿಗೆ ಹಾಕಿಲ್ಲ. ಇದ್ದದ್ದು ಫೋನಿನಲ್ಲಿ ಒಂದು ಧ್ವನಿ. ರಿಕ್ವೆಸ್ಟ್ ಬಂದ ಕ್ಷಣಕ್ಕೆ ಸರಿಯಾಗಿ "ಈಗ ಬಂತಲ್ವಾ, ನೋಡಿ" ಅಂದಿರುತ್ತಾನೆ, ಯಾಕೆಂದರೆ ಬಟನ್ ಒತ್ತಿದ್ದು ಅವನೇ. ಇದರಲ್ಲೊಂದು ಗುರುತು ಇದೆ. ಸಮಯ ಹೊಂದಬೇಕಾದ್ದು ನಿಮ್ಮ ಬೆರಳಿಗೆ. ಬೇರೆಯವರ ಮಾತಿಗೆ ಹೊಂದಿದರೆ ಅಲ್ಲೇ ನಿಲ್ಲಿಸಿ. ಅಸಲಿ ವ್ಯಾಪಾರಿ ನೀವು ಪಿನ್ ಹಾಕುವವರೆಗೂ ಲೈನಲ್ಲಿ ಕಾಯುತ್ತಾ ಕೂರಲ್ಲ.

ಇನ್ನು ಅವನು "ದುಡ್ಡು ಬರೋಕೆ ಪಿನ್ ಹಾಕಿ" ಅಂದದ್ದು. ದುಡ್ಡು ಬರುವುದಕ್ಕೆ ನಿಮ್ಮ ಕಡೆಯಿಂದ ಏನೂ ಮಾಡಬೇಕಿಲ್ಲ. ಐಡಿ ಕೊಟ್ಟರೆ ಅಥವಾ ನಿಮ್ಮ ಕ್ಯೂಆರ್ ತೋರಿಸಿದರೆ ಮುಗಿಯಿತು, ನೀವು ನಿದ್ದೆ ಮಾಡುತ್ತಿದ್ದರೂ ಬಂದು ಬೀಳುತ್ತದೆ. ಪಿನ್ ಕೇಳಿತು ಅಂದರೆ ಒಂದೋ ಬ್ಯಾಲೆನ್ಸ್ ನೋಡುತ್ತಿದ್ದೀರಿ, ಅಥವಾ ದುಡ್ಡು ನಿಮ್ಮಿಂದ ಹೋಗುತ್ತಿದೆ, ಇಲ್ಲವೇ ಮುಂದೆ ಹೋಗಲು ಒಪ್ಪಿಗೆ ಕೊಡುತ್ತಿದ್ದೀರಿ. ರೀಫಂಡ್ ಕೂಡ ಹೀಗೇ. ಕಂಪನಿ ನಿಮಗೆ ಹಣ ವಾಪಸ್ ಮಾಡಬೇಕಾದರೆ ಸುಮ್ನೆ ಖಾತೆಗೆ ಜಮಾ ಮಾಡುತ್ತದೆ, ರಿಕ್ವೆಸ್ಟ್ ಕಳಿಸಲ್ಲ.

ಪಿನ್ ಹಾಕುವ ಪುಟದ ಬಗ್ಗೆ ಒಂದು ಮಾತು, ಜನ ಅದನ್ನು ಓದುವುದೇ ಇಲ್ಲ. ಆ ಪುಟ ನಿಮ್ಮ ಪೇಮೆಂಟ್ ಆ್ಯಪ್‌ನವರದ್ದಲ್ಲ. ಎನ್‌ಪಿಸಿಐ ಮಾಡಿಕೊಟ್ಟಿದ್ದು, ಎಲ್ಲ ಆ್ಯಪ್‌ಗಳಲ್ಲೂ ಹೆಚ್ಚು ಕಡಿಮೆ ಒಂದೇ ಥರ ಕಾಣುತ್ತದೆ. ಮೇಲೆ ನಿಮ್ಮ ಬ್ಯಾಂಕಿನ ಹೆಸರು, ಯಾರಿಗೆ ಹೋಗುತ್ತಿದೆ, ಎಷ್ಟು ಅಂತ ಇರುತ್ತದೆ. ರಿಕ್ವೆಸ್ಟ್ ಬಂದ ಪುಟದಲ್ಲಿ "ಪೇಮೆಂಟ್ ರಿಸೀವ್ಡ್" ಅಂತಲೋ "ರೀಫಂಡ್" ಅಂತಲೋ ಬರೆದಿರಬಹುದು, ಯಾಕೆಂದರೆ ಆ ಟಿಪ್ಪಣಿ ಕಳಿಸುವ ಕಡೆಯವರು ಬರೆಯುವುದು, ಏನು ಬೇಕಾದರೂ ಬರೆಯಬಹುದು. ಪಿನ್ ಪುಟದ ಮೊತ್ತ, ಹೆಸರು ಹಾಗಲ್ಲ. ಅಲ್ಲಿ ಯಾರಿಗೆ ಅಂತ ಒಂದು ಹೆಸರು ಕಂಡರೆ ದುಡ್ಡು ಅವರಿಗೇ ಹೋಗುತ್ತಿದೆ ಅಂತ ಅರ್ಥ, ಫೋನಲ್ಲಿ ಯಾರು ಏನೇ ಹೇಳಲಿ.

ಐಡಿಯಿಂದ ಏನಾದರೂ ಗೊತ್ತಾಗುತ್ತದಾ ಅಂತ ತುಂಬಾ ಜನ ಕೇಳುತ್ತಾರೆ. ಸ್ವಲ್ಪ ಗೊತ್ತಾಗುತ್ತದೆ, ಜಾಸ್ತಿ ಇಲ್ಲ. @ ಗುರುತಿಗಿಂತ ಮೊದಲು ಬರುವ ಭಾಗ ಐಡಿ ಮಾಡಿಕೊಂಡವರು ಆರಿಸಿದ್ದು. ಅಲ್ಲಿ ಯಾವುದೋ ಕಂಪನಿ ಹೆಸರಿಗೆ ರೀಫಂಡ್, ಕ್ಯಾಶ್‌ಬ್ಯಾಕ್, ಕಸ್ಟಮರ್ ಕೇರ್ ಅಂತ ಅಂಟಿಸಿಕೊಂಡಿದ್ದರೆ ಅನುಮಾನ ಪಡಿ. @ ಆದಮೇಲೆ ಬರುವ ಭಾಗ ಯಾವ ಬ್ಯಾಂಕು ಅಥವಾ ಆ್ಯಪ್ ಮೂಲಕ ಐಡಿ ಆಗಿದೆ ಅಂತ ಹೇಳುತ್ತದೆ, ಅಷ್ಟೇ. ಅಲ್ಲಿ ದೊಡ್ಡ ಬ್ಯಾಂಕಿನ ಹೆಸರಿದೆ ಅಂದ ಮಾತ್ರಕ್ಕೆ ಬ್ಯಾಂಕೇ ಕಳಿಸಿತು ಅಂತಲ್ಲ. ಹಾಗೇ ಮೋಸಗಾರರು ಸುಳ್ಳು ದಾಖಲೆ ಕೊಟ್ಟೋ, ಬೇರೆಯವರ ಖಾತೆ ಬಾಡಿಗೆಗೆ ತಗೊಂಡೋ ಮರ್ಚಂಟ್ ಖಾತೆ ಮಾಡಿಕೊಳ್ಳುವುದೂ ಇದೆ.

ಸಮಯದ ಲೆಕ್ಕಕ್ಕೆ ಸಿಗದ ಒಂದು ಅಸಲಿ ರಿಕ್ವೆಸ್ಟ್ ಇದೆ, ಅದನ್ನು ಹೇಳದಿದ್ದರೆ ಐಪಿಒ, ಅಂದರೆ ಕಂಪನಿ ಮೊದಲ ಸಲ ಜನರಿಗೆ ಮಾರುವ ಷೇರಿಗೆ ಅರ್ಜಿ ಹಾಕುವವರು ನನ್ನನ್ನು ಬೈಯುತ್ತಾರೆ. ಐಪಿಒಗೆ ಅರ್ಜಿ ಹಾಕಿದರೆ ಮ್ಯಾಂಡೇಟ್ ರಿಕ್ವೆಸ್ಟ್, ಅಂದರೆ ಮುಂದೆ ಹಣ ತಗೊಳ್ಳಲು ಈಗಲೇ ಒಪ್ಪಿಗೆ ಕೇಳುವ ರಿಕ್ವೆಸ್ಟ್, ತಕ್ಷಣ ಬರದೆ ಕೆಲವು ಗಂಟೆ ಆದಮೇಲೆ ಬರಬಹುದು, ನೀವು ಬೇರೆ ಕೆಲಸದಲ್ಲಿ ಇರುವಾಗ. ಅಲ್ಲಿ ಗಡಿಯಾರ ಬಿಟ್ಟು ಲೆಕ್ಕ ನೋಡಿ. ಒಂದು ಲಾಟಿಗೆ 60 ಷೇರು, ನೀವು ಹಾಕಿದ ಬೆಲೆ 250 ಅಂದರೆ ಮೊತ್ತ ಸರಿಯಾಗಿ 15,000 ಇರಬೇಕು. ಹಣ ಖಾತೆಯಿಂದ ಹೋಗಲ್ಲ, ಹಂಚಿಕೆ ಆಗುವವರೆಗೂ ಬ್ಲಾಕ್ ಆಗಿ ನಿಲ್ಲುತ್ತದೆ, ತೆರೆಯಲ್ಲೂ ಮ್ಯಾಂಡೇಟ್ ಅಂತಲೇ ಇರುತ್ತದೆ. ಇಶ್ಯೂ ಮುಚ್ಚುವ ದಿನ ಸಂಜೆ 5ರೊಳಗೆ ಒಪ್ಪಬೇಕು, ಆದ್ದರಿಂದ ಬಂದಿಲ್ಲ ಅಂತ ಯಾರೋ ಕಳಿಸಿದ ಲಿಂಕ್ ಹಿಡಿಯಬೇಡಿ, ನಿಮ್ಮ ಬ್ರೋಕರ್ ಆ್ಯಪ್‌ನಲ್ಲಿ ಅರ್ಜಿಯ ಸ್ಥಿತಿ ನೋಡಿ.

ಅದೇ ಮ್ಯಾಂಡೇಟ್ ಅಥವಾ ಆಟೋಪೇ ಅನ್ನುವ ಪದ ನೀವು ಏನೂ ಹಾಕದೇ ಇದ್ದಾಗ ಕಂಡರೆ ಇನ್ನೂ ಜಾಗ್ರತೆ. ಕಲೆಕ್ಟ್ ಒಂದು ಸಲ ಕಡಿಯುತ್ತದೆ, ಆಟೋಪೇ ಪ್ರತಿ ತಿಂಗಳೂ ಕಡಿಯುತ್ತದೆ. ತೆರೆಯಲ್ಲಿ "ಇಷ್ಟರವರೆಗೆ" ಅಂತ ಗರಿಷ್ಠ ಮೊತ್ತ, ಎಷ್ಟು ದಿನಕ್ಕೊಮ್ಮೆ, ಯಾವ ದಿನಾಂಕದವರೆಗೆ ಅಂತ ಮೂರು ಸಾಲು ಇರುತ್ತವೆ. ಈಗ 1 ರೂಪಾಯಿ ಅಂತ ದೊಡ್ಡ ಅಕ್ಷರದಲ್ಲಿ ಕಂಡು ಒಪ್ಪುವವರು ಆ ಮೂರು ಸಾಲನ್ನು ಓದಿರುವುದಿಲ್ಲ.

ಅನುಮಾನ ಹೋಗಲಿಲ್ಲ ಅಂದರೆ ಏನು ಮಾಡೋದು? ಬಿಟ್ಟುಬಿಡಿ. ನೀವು ಮಾಡಿದ್ದೂ ಅದನ್ನೇ. ಟಿಕೆಟ್ ಕಳೆದುಕೊಳ್ಳದೆ ಬಿಡುವ ದಾರಿಯೂ ಇದೆ. ಬುಕಿಂಗ್ ಪುಟದಲ್ಲಿ ಹಿಂದಕ್ಕೆ ಹೋಗಿ, ಐಡಿ ಹಾಕುವ ಬದಲು ಕ್ಯೂಆರ್ ಅಥವಾ ನೇರವಾಗಿ ಆ್ಯಪ್ ತೆರೆಯುವ ಆಯ್ಕೆ ಒತ್ತಿ. ಆಗ ಪಾವತಿ ನಿಮ್ಮ ಕಡೆಯಿಂದ ಶುರುವಾಗುತ್ತದೆ, ಯಾವ ರಿಕ್ವೆಸ್ಟ್ ಯಾರದ್ದು ಅನ್ನೋ ಪ್ರಶ್ನೆಯೇ ಇಲ್ಲ. ಆದರೆ ಹಳೇ ರಿಕ್ವೆಸ್ಟನ್ನು ಮೊದಲು ಡಿಕ್ಲೈನ್ ಮಾಡಿ, ಇಲ್ಲದಿದ್ದರೆ ಗಡಿಬಿಡಿಯಲ್ಲಿ ಎರಡಕ್ಕೂ ಪಿನ್ ಹಾಕಿ ಎರಡು ಸಲ ಕಟ್ಟುವವರಿದ್ದಾರೆ. ಅಸಲಿಯನ್ನು ತಪ್ಪಾಗಿ ಡಿಕ್ಲೈನ್ ಮಾಡಿದರೆ ಖಾತೆಯಿಂದ ಒಂದು ಪೈಸೆಯೂ ಹೋಗಲ್ಲ, ಮತ್ತೆ ಬುಕ್ ಮಾಡಬೇಕು ಅಷ್ಟೇ, ಹಬ್ಬದ ಹಿಂದಿನ ದಿನ ಆದರೆ ಸೀಟು ಸಿಗದೇ ಇರಬಹುದು. ಅಪ್ರೂವ್ ಮಾಡಿ ದುಡ್ಡು ಹೋಗಿ ಟಿಕೆಟ್ ಬರಲಿಲ್ಲ ಅಂದರೆ ಅದು ಬೇರೆ ಕಥೆ. ರಿಸರ್ವ್ ಬ್ಯಾಂಕಿನ 2019ರ ನಿಯಮದ ಪ್ರಕಾರ, ನಿಮ್ಮ ಖಾತೆಯಿಂದ ಹಣ ಹೋಗಿ ವ್ಯಾಪಾರಿಗೆ ಖಾತ್ರಿ ಸಿಗದಿದ್ದರೆ 5 ದಿನದೊಳಗೆ ತಾನಾಗೇ ವಾಪಸ್ ಬರಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಮೋಸಕ್ಕೆ ಪಿನ್ ಹಾಕಿದ ಹಣಕ್ಕೆ ಈ ನಿಯಮ ಇಲ್ಲ, ಯಾಕೆಂದರೆ ಯುಪಿಐ ಲೆಕ್ಕದಲ್ಲಿ ಆ ಪಾವತಿ ಯಶಸ್ವಿ.

ಹಾಗೆ ಪಿನ್ ಹಾಕಿಬಿಟ್ಟವರು ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ಅಥವಾ cybercrime.gov.in ನಲ್ಲಿ ದೂರು ಕೊಡಬೇಕು. ಪಾವತಿಯ ವಿವರದಲ್ಲಿರುವ 12 ಅಂಕಿಯ ಯುಟಿಆರ್ ನಂಬರ್ ಕೈಯಲ್ಲಿರಲಿ. ಗಿಫ್ಟ್ ಕಾರ್ಡ್ ಥರದ್ದಾದರೆ ಆ ಶಾಪಿಂಗ್ ಕಂಪನಿಯ ಆ್ಯಪ್ ಒಳಗಿಂದಲೇ ಸಹಾಯ ಕೇಳಿ, ಕಾರ್ಡ್ ಇನ್ನೂ ಬಳಸದೇ ಇದ್ದರೆ ತಡೆಯುವ ಸಾಧ್ಯತೆ ಇದೆ. ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ, ಅಲ್ಲೂ ಇದೇ ಜನ ಕೂತಿರುತ್ತಾರೆ.

ನಿಮ್ಮ ಆ್ಯಪ್‌ನಲ್ಲಿ ಆ 9,500ರ ರಿಕ್ವೆಸ್ಟ್ ಇನ್ನೂ ಇದ್ದರೆ ಡಿಕ್ಲೈನ್ ಮಾಡಿ. ಆ ಶಾಪಿಂಗ್ ಕಂಪನಿಯನ್ನು ಬ್ಲಾಕ್ ಮಾಡುವುದರಿಂದ ಲಾಭ ಇಲ್ಲ, ನಾಳೆ ನೀವೇ ಅಲ್ಲಿ ಏನೋ ತಗೊಳ್ಳುತ್ತೀರಿ, ಬ್ಲಾಕ್ ಮಾಡಬೇಕಾದ್ದು ಫೋನ್ ನಂಬರನ್ನು. ನಿಮ್ಮ ಯುಪಿಐ ಐಡಿ ನಿಮ್ಮ ಮೊಬೈಲ್ ನಂಬರೇ ಆಗಿದ್ದರೆ, ಫ್ರಿಜ್ ಜಾಹೀರಾತಿನಲ್ಲಿ ನಂಬರ್ ಹಾಕಿದಾಗಲೇ ಐಡಿಯೂ ಹೊರಗೆ ಬಂದಂತೆ. ಹೆಚ್ಚಿನ ಆ್ಯಪ್‌ಗಳಲ್ಲಿ ನಂಬರ್ ಇಲ್ಲದ ಇನ್ನೊಂದು ಐಡಿ ಮಾಡಿಕೊಳ್ಳಬಹುದು, ಮಾಡಿಕೊಳ್ಳಿ. ಫ್ರಿಜ್ಜಿಗೆ ಮುಂದಿನ ಗಿರಾಕಿ ಬಂದಾಗ ಮನೆ ಬಾಗಿಲಲ್ಲೇ ನಿಮ್ಮ ಕ್ಯೂಆರ್ ತೋರಿಸಿ. ಅವರ ಫೋನಿನ ಸ್ಕ್ರೀನ್‌ಶಾಟೋ, ಎಸ್‌ಎಂಎಸ್ಸೋ ನಂಬದೆ ನಿಮ್ಮ ಬ್ಯಾಲೆನ್ಸ್ ನೋಡಿ. 9,500 ಏರಿದ್ದು ಕಂಡ ಮೇಲೆ ಟೆಂಪೋಗೆ ಹತ್ತಿಸಿ.